ಮೈನಸ್ ಮೂರರಿಂದ ಐದು ಹೆಜ್ಜೆ

(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಸಂಜೆಯ ಟ್ಯೂಷನ್ ತರಗತಿಯಲ್ಲಿ ಒಮ್ಮೆ ನಾನು ಬೋರ್ಡಿನ ಮೇಲೆ −3 + 5 ಎಂದು ಬರೆದೆ. ಒಬ್ಬ ಹುಡುಗ 1 ಎಂದ. ಇನ್ನೊಬ್ಬ 3 ಎಂದ. ಮೂಲೆಯಲ್ಲಿದ್ದ ಹುಡುಗಿ 2 ಎಂದಳು. ನಾನು ಅವಳನ್ನು ಹೊಗಳಿ ಮುಂದಿನ ಲೆಕ್ಕಕ್ಕೆ ಹೋದೆ. ಅದು ನನ್ನ ತಪ್ಪು. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ಲಿಫ್ಟ್ ಹತ್ತೋಣ. ದೊಡ್ಡ ಆಸ್ಪತ್ರೆಯ ಕಟ್ಟಡವೊಂದನ್ನು ನೆನೆಸಿಕೊಳ್ಳಿ. ನೆಲಮಹಡಿ 0. ಮೇಲೆ 1, 2, 3. ಕೆಳಗೆ ವಾಹನ ನಿಲ್ಲಿಸುವ ನೆಲಮಾಳಿಗೆಗಳು −1, −2, −3. ನೀವು −3ರಲ್ಲಿ ಕಾರು ನಿಲ್ಲಿಸಿ ಐದು ಮಹಡಿ ಮೇಲಕ್ಕೆ ಹೋಗಬೇಕು. ಇಲ್ಲಿ −3 ನೀವು ನಿಂತಿರುವ ಜಾಗ. 5 ನೀವು ಮಾಡುವ ಪ್ರಯಾಣ. ಎರಡೂ ಸಂಖ್ಯೆಗಳೇ ಆದರೂ ಕೆಲಸ ಬೇರೆ ಬೇರೆ. ಕೂಡುವ ಸಂಖ್ಯೆ ಧನವಾದರೆ ಮೇಲಕ್ಕೆ, ಋಣವಾದರೆ ಕೆಳಕ್ಕೆ. ಎರಡನೇ ಮಹಡಿಯಿಂದ ನಾಲ್ಕು ಮಹಡಿ ಇಳಿದರೆ ಅದು 2 + (−4). 1, 0, −1, −2 ಎಂದು ಇಳಿದು −2ರಲ್ಲಿ ನಿಲ್ಲುತ್ತೀರಿ. ಈ ಕಟ್ಟಡವನ್ನು ಬಲಕ್ಕೆ ಮಲಗಿಸಿದರೆ ಪುಸ್ತಕದ ಸಂಖ್ಯಾರೇಖೆಯೇ ಆಗುತ್ತದೆ: ಮೇಲಿದ್ದದ್ದು ಬಲಕ್ಕೆ, ಕೆಳಗಿದ್ದದ್ದು ಎಡಕ್ಕೆ.

ಈಗ ಆ ಮೂವರ ಕಡೆಗೆ ಬರೋಣ. 1 ಎಂದ ಹುಡುಗ ತಾನು ನಿಂತ ಮಹಡಿಯನ್ನೇ 'ಒಂದು' ಎಂದು ಎಣಿಸಿದ್ದ. −3 ಒಂದು, −2 ಎರಡು, −1 ಮೂರು, 0 ನಾಲ್ಕು, 1 ಐದು. ಲಿಫ್ಟ್ ಇನ್ನೂ ಅಲುಗಾಡಿಲ್ಲ, ಆಗಲೇ ಒಂದು ಹೆಜ್ಜೆ ಖರ್ಚಾಗಿದೆ! 3 ಎಂದವನು ಸರಿಯಾಗಿಯೇ ಹೊರಟ; ಆದರೆ −1ರಿಂದ ನೇರ 1ಕ್ಕೆ ಹಾರಿದ. ಸೊನ್ನೆ ಎಂದರೆ 'ಏನೂ ಇಲ್ಲ' ಎಂದು ಕಲಿತ ಮಗು ಅದನ್ನು ಮಹಡಿ ಎಂದು ಎಣಿಸದಿರುವುದು ಸಹಜವೇ. ಆದರೆ ನೆಲಮಹಡಿಯಲ್ಲೂ ಲಿಫ್ಟಿನ ಬಾಗಿಲು ತೆರೆಯುತ್ತದಲ್ಲವೇ?

ಹುಡುಗಿಯ ಉತ್ತರ ಸರಿ ಇತ್ತು. ಮರುದಿನ −5 + 3 ಕೊಟ್ಟಾಗ ಅವಳು −3 ಎಂದಳು. ಉತ್ತರ −2 ಬರಬೇಕಿತ್ತು. ಬೆರಳಿಟ್ಟು ಎಣಿಸು ಎಂದೆ. ಅವಳೂ ನಿಂತ ಜಾಗವನ್ನೇ ಒಂದು ಎಂದು ಎಣಿಸುತ್ತಿದ್ದಳು. ಹಿಂದಿನ ದಿನದ ಲೆಕ್ಕವನ್ನೂ ಮತ್ತೆ ಮಾಡಿಸಿದೆ. ಅಲ್ಲಿ ಸೊನ್ನೆಯನ್ನೂ ಹಾರಿಸಿದ್ದಳು. ಒಂದು ತಪ್ಪು ಉತ್ತರವನ್ನು ಒಂದು ಕಡಿಮೆ ಮಾಡಿತು, ಇನ್ನೊಂದು ಒಂದು ಹೆಚ್ಚು ಮಾಡಿತು. ಎರಡು ತಪ್ಪು ಸೇರಿ ಸರಿ ಉತ್ತರ ಬಂತು. ಅದಕ್ಕೇ ಸೊನ್ನೆ ದಾಟುವ ಒಂದು ಲೆಕ್ಕ, ಸೊನ್ನೆ ದಾಟದ ಒಂದು ಲೆಕ್ಕ, ಎರಡನ್ನೂ ಕೊಟ್ಟು ನೋಡಬೇಕು.

ನಿಂತ ಜಾಗವನ್ನು ಎಣಿಸುವ ಚಾಳಿಗೆ ಥರ್ಮಾಮೀಟರ್ ಒಳ್ಳೆಯ ಮದ್ದು. ಉಷ್ಣತೆ ಒಂದು ಡಿಗ್ರಿ ಏರಿತು ಎಂದರೆ ಪಾದರಸ ಒಂದು ಗೆರೆಯಿಂದ ಮುಂದಿನ ಗೆರೆಗೆ ಸರಿಯಿತು ಎಂದರ್ಥ. ನಾವು ಎಣಿಸಬೇಕಾದದ್ದು ಗೆರೆಗಳನ್ನಲ್ಲ, ನಡುವಿನ ಅಂತರಗಳನ್ನು.

ದೊಡ್ಡ ಸಂಖ್ಯೆಗಳಿಗೆ ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. ಅಮೇರಿಕದ ದಕ್ಷಿಣ ಡಕೋಟಾ ರಾಜ್ಯದ ಸ್ಪಿಯರ್‌ಫಿಶ್ ಎಂಬ ಊರಿನಲ್ಲಿ 1943ರ ಜನವರಿ 22ರ ಬೆಳಗ್ಗೆ ಉಷ್ಣತೆ −4 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಬೆಟ್ಟದ ಕಡೆಯಿಂದ ಬಿಸಿ ಒಣಗಾಳಿ ಬೀಸಿ ಎರಡೇ ನಿಮಿಷದಲ್ಲಿ 49 ಡಿಗ್ರಿ ಏರಿತು. −4 + 49 ಎಷ್ಟು? ನಲವತ್ತೊಂಬತ್ತು ಗೆರೆ ಎಣಿಸುವವರು ಯಾರು! ಸೊನ್ನೆಯವರೆಗೆ 4 ಹೆಜ್ಜೆ, ಉಳಿದದ್ದು 45. ಉತ್ತರ 45. ಮುಂದೆ ಅದು 54ಕ್ಕೆ ಏರಿ, ಗಾಳಿ ನಿಂತೊಡನೆ 27 ನಿಮಿಷಗಳಲ್ಲಿ 58 ಡಿಗ್ರಿ ಇಳಿಯಿತು. 54 + (−58): ಸೊನ್ನೆಯವರೆಗೆ ಇಳಿಯಲು 54 ಹೆಜ್ಜೆ ಮುಗಿದವು, ಉಳಿದ 4 ಸೊನ್ನೆಯ ಕೆಳಗೆ. ಮತ್ತೆ −4. 'ಚಿಹ್ನೆ ಬೇರೆಯಾದರೆ ಕಳೆ, ದೊಡ್ಡದರ ಚಿಹ್ನೆ ಹಾಕು' ಎಂಬ ಬಾಯಿಪಾಠದ ನಿಯಮ ಹುಟ್ಟುವುದು ಇಲ್ಲಿಯೇ, ಸೊನ್ನೆಯ ಬಳಿ ಒಂದು ಕ್ಷಣ ನಿಂತಾಗ.

ಒಂದು ಎಚ್ಚರಿಕೆ. ಇಂದಿನ ಉಷ್ಣತೆಗೆ ನಾಳೆಯ ಉಷ್ಣತೆಯನ್ನು ಕೂಡಿದರೆ ಅರ್ಥವಿಲ್ಲ. ಉಷ್ಣತೆಗೆ ಅದರ ಏರಿಳಿತವನ್ನು ಕೂಡಬೇಕು. ಲಿಫ್ಟಿನಲ್ಲೂ ಹಾಗೆಯೇ. ಇನ್ನು ಅದೇ ಅಮೇರಿಕದ ಬಹಳಷ್ಟು ಕಟ್ಟಡಗಳಲ್ಲಿ ನೆಲಮಹಡಿಯನ್ನೇ 1 ಎನ್ನುತ್ತಾರೆ. ಅದರ ಕೆಳಗಿನ ನೆಲಮಾಳಿಗೆಯನ್ನು ನಾವು −1 ಎಂದುಕೊಂಡರೆ ಅಲ್ಲಿಂದ ಎರಡು ಮಹಡಿ ಏರಿದವನು 2 ಎಂದು ಬರೆದ ಕಡೆ ಇಳಿಯುತ್ತಾನೆ. −1 + 2 ಮಾತ್ರ 1. ಅಂಥ ಲಿಫ್ಟಿನಲ್ಲಿ ಸೊನ್ನೆಯೇ ಇಲ್ಲ. ಆ ಕಟ್ಟಡದಲ್ಲಿ 3 ಎಂದ ನಮ್ಮ ಹುಡುಗನ ಎಣಿಕೆಯೇ ಸರಿಯಾಗುತ್ತಿತ್ತು!