ಬಾಡಿಗೆ ಕಟ್ಟದ ತಿಂಗಳಿಗೂ ಬಾಡಿಗೆ ಖರ್ಚು

ಮಾರ್ಚ್ 31 ಹತ್ತಿರ ಬಂತೆಂದರೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ಹೊಸದಾಗಿ ಆಫೀಸು ಹಿಡಿದ ಕಂಪನಿಗಳಲ್ಲಿ ಈ ಮಾತು ಎದ್ದೇ ಏಳುತ್ತೆ. ಅಕೌಂಟೆಂಟ್ ಕೇಳ್ತಾರೆ: "ಸಾರ್, ಮೂರು ತಿಂಗಳು ನಾವು ಒಂದು ರೂಪಾಯಿ ಬಾಡಿಗೆ ಕೊಟ್ಟಿಲ್ಲ, ಓನರ್ ಬಿಲ್ಲೂ ಕಳಿಸಿಲ್ಲ. ಆರು ಲಕ್ಷ ಖರ್ಚು ಹಾಕಿ ಅಂತೀರಲ್ಲ, ಅದು ಎಲ್ಲಿಂದ ಬಂತು?" ಇವತ್ತು ಆ ಆರು ಲಕ್ಷ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿ ನೋಡೋಣ.

ಉದಾಹರಣೆಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ 4,000 ಚದರಡಿ ಆಫೀಸು ಅಂತ ಇಟ್ಟುಕೊಳ್ಳಿ. ಚದರಡಿಗೆ ತಿಂಗಳಿಗೆ 50 ರೂಪಾಯಿ, ಅಂದರೆ ತಿಂಗಳ ಬಾಡಿಗೆ 2 ಲಕ್ಷ. ಅಗ್ರಿಮೆಂಟ್ ಐದು ವರ್ಷಕ್ಕೆ. 2026ರ ಜನವರಿ 1ಕ್ಕೆ ಕೀಲಿಕೈ ಕೈಗೆ ಬಂತು. ಪಾರ್ಟಿಷನ್, ವೈರಿಂಗ್, ಎಸಿ ಕೆಲಸ ಮಾಡಿಸಿಕೊಳ್ಳಲಿ ಅಂತ ಓನರ್ ಮೊದಲ ಮೂರು ತಿಂಗಳು ಬಾಡಿಗೆ ಬಿಟ್ಟಿದ್ದಾರೆ. ಮೂರು ವರ್ಷ ಆದಮೇಲೆ ಶೇಕಡಾ 15 ಏರಿಕೆ. ಬೆಂಗಳೂರಿನ ಆಫೀಸು ಲೀಸುಗಳಲ್ಲಿ ಈ ಮೂರು ವರ್ಷ, ಶೇಕಡಾ 15 ಅನ್ನೋದು ತುಂಬಾ ರೂಢಿಯಲ್ಲಿರೋ ಷರತ್ತು.

ಈಗ ಐದು ವರ್ಷದಲ್ಲಿ ಕೈಯಿಂದ ಹೋಗೋ ಒಟ್ಟು ದುಡ್ಡು ಎಷ್ಟು? ಮೊದಲ 3 ತಿಂಗಳು ಸೊನ್ನೆ. ಆಮೇಲಿನ 33 ತಿಂಗಳಿಗೆ 2 ಲಕ್ಷದಂತೆ 66 ಲಕ್ಷ. ಕೊನೆಯ 24 ತಿಂಗಳಿಗೆ 2,30,000ದಂತೆ 55,20,000. ಕೂಡಿದರೆ 1 ಕೋಟಿ 21 ಲಕ್ಷ 20 ಸಾವಿರ. ಇದನ್ನು 60ರಿಂದ ಭಾಗಿಸಿ: 2,02,000. ಪ್ರತಿ ತಿಂಗಳೂ ಲಾಭ-ನಷ್ಟದ ಪಟ್ಟಿಗೆ ಹೋಗಬೇಕಾದ್ದು ಈ ಮೊತ್ತ. ಬಾಡಿಗೆ ಕಟ್ಟಿದ ತಿಂಗಳಾಗಲಿ, ಕಟ್ಟದ ತಿಂಗಳಾಗಲಿ, ಅಷ್ಟೇ.

ಹೀಗೆ ಮಾಡಿ ಅಂತ ಹೇಳೋದು ಲೆಕ್ಕಪತ್ರ ಮಾನದಂಡ 19, ಆಡಿಟರ್ ಬಾಯಲ್ಲಿ 'ಎಎಸ್ 19'. ಅದರ ತರ್ಕ ಸರಳ. ಜನವರಿಯಿಂದಲೇ ಜಾಗ ನಿಮ್ಮ ಸುಪರ್ದಿಯಲ್ಲಿದೆ. ಓನರ್ ಮೂರು ತಿಂಗಳು ಧರ್ಮಕ್ಕೆ ಬಿಟ್ಟುಕೊಟ್ಟಿಲ್ಲ. ನೀವು ಐದು ವರ್ಷಕ್ಕೆ ಬರ್ತೀರಿ ಅಂತ ಬಿಟ್ಟಿದ್ದಾರೆ. ಹಾಗಾಗಿ ಆ ರಿಯಾಯಿತಿ ಐದು ವರ್ಷಕ್ಕೂ ಹಂಚಿಹೋಗಬೇಕು.

ಪುಸ್ತಕದಲ್ಲಿ ಏನಾಗುತ್ತೆ ನೋಡಿ. ಜನವರಿ, ಫೆಬ್ರವರಿ, ಮಾರ್ಚ್: ಬಾಡಿಗೆ ಖರ್ಚಿಗೆ 2,02,000 ಡೆಬಿಟ್, ಬ್ಯಾಂಕಿನಿಂದ ಏನೂ ಹೋಗಿಲ್ಲ, ಹಾಗಾಗಿ ಅಷ್ಟೂ 'ಲೀಸ್ ಈಕ್ವಲೈಸೇಶನ್' ಖಾತೆಗೆ ಕ್ರೆಡಿಟ್. 2026ರ ಮಾರ್ಚ್ 31ಕ್ಕೆ ಆ ಖಾತೆಯಲ್ಲಿ 6,06,000. ಅಕೌಂಟೆಂಟ್ ಕೇಳಿದ ಆರು ಲಕ್ಷ ಇದೇ. ಏಪ್ರಿಲ್‌ನಿಂದ 2 ಲಕ್ಷ ಕಟ್ಟೋಕೆ ಶುರುವಾದಮೇಲೆ ವ್ಯತ್ಯಾಸ ತಿಂಗಳಿಗೆ ಬರೀ 2,000. ಅದು ಮೆಲ್ಲಗೆ ಸೇರುತ್ತಾ 2028ರ ಡಿಸೆಂಬರ್‌ಗೆ 6,72,000 ಆಗುತ್ತೆ. ಅದೇ ಶಿಖರ. 2029ರ ಜನವರಿಯಿಂದ ಕಟ್ಟೋದು 2,30,000, ಖರ್ಚು ಮಾತ್ರ ಅದೇ 2,02,000. ಹೆಚ್ಚಿಗೆ ಕಟ್ಟಿದ 28,000 ಪ್ರತಿ ತಿಂಗಳೂ ಖಾತೆಯಿಂದ ಕಳೀತಾ ಹೋಗುತ್ತೆ. 28,000 ಗುಣಿಸು 24 ಎಷ್ಟು? ಸರಿಯಾಗಿ 6,72,000. ಲೀಸಿನ ಕೊನೇ ತಿಂಗಳಿಗೆ ಖಾತೆ ಸೊನ್ನೆ. ನಿಮ್ಮ ಶೀಟಿನಲ್ಲಿ ಕೊನೆಗೆ ಸೊನ್ನೆ ಬರ್ತಿಲ್ಲ ಅಂದರೆ ಎಲ್ಲೋ ತಪ್ಪಿದೆ, ಹುಡುಕಿ.

ಜಿಎಸ್‌ಟಿ, ನಿರ್ವಹಣಾ ಶುಲ್ಕ ಇವನ್ನೆಲ್ಲ ಈ ಸರಾಸರಿಗೆ ಸೇರಿಸಬೇಡಿ. ಇನ್‌ಪುಟ್ ಕ್ರೆಡಿಟ್ ಸಿಗೋದು ಓನರ್ ಕೊಟ್ಟ ಬಿಲ್ಲಿನ ಮೇಲೆ, ಈ ಎಂಟ್ರಿಯ ಮೇಲೆ ಅಲ್ಲ.

ಇಲ್ಲಿವರೆಗೆ ಬರೀ ಭಾಗಾಕಾರ, ಎಕ್ಸೆಲ್ ಮಾಡಿಬಿಡುತ್ತೆ. ನಿಜವಾದ ತಕರಾರು ಇರೋದು 60 ಅನ್ನೋ ಸಂಖ್ಯೆಯಲ್ಲಿ.

ಸಾಮಾನ್ಯ ತಪ್ಪು ಒಂದು: ಬಾಡಿಗೆ ಶುರುವಾಗೋದು ಏಪ್ರಿಲ್‌ನಿಂದ, ಹಾಗಾಗಿ 57 ತಿಂಗಳಿಗೆ ಹಂಚೋಣ ಅನ್ನೋದು. ಆಗ ತಿಂಗಳಿಗೆ ಸುಮಾರು 2,12,632 ಬರುತ್ತೆ, ಮೊದಲ ಮಾರ್ಚ್‌ನಲ್ಲಿ ಖರ್ಚೇ ಕಾಣಿಸಲ್ಲ. ಅಗ್ರಿಮೆಂಟ್‌ನಲ್ಲಿ ಎರಡು ತಾರೀಖು ಇರುತ್ತೆ: ಜಾಗ ಒಪ್ಪಿಸಿದ್ದು, ಬಾಡಿಗೆ ಶುರುವಾಗೋದು. ನಮಗೆ ಬೇಕಾದ್ದು ಮೊದಲನೇದು.

ಅದಕ್ಕಿಂತ ಕಷ್ಟದ್ದು ಲಾಕ್-ಇನ್. ಐದು ವರ್ಷದ ಅಗ್ರಿಮೆಂಟ್ ಅಂತ ಮುಖಪುಟ ಹೇಳುತ್ತೆ. ಒಳಗೆ ಓದಿದರೆ ಬಾಡಿಗೆದಾರರಿಗೆ ಲಾಕ್-ಇನ್ ಮೂರೇ ವರ್ಷ, ಆಮೇಲೆ ನೋಟಿಸ್ ಕೊಟ್ಟು ಬಿಡಬಹುದು. ಹಾಗಾದರೆ ಲೀಸಿನ ಅವಧಿ 60 ತಿಂಗಳೋ, 36 ತಿಂಗಳೋ? ಎಎಸ್ 19 ಪ್ರಕಾರ ಬಿಡಲು ಆಗದ ಅವಧಿ, ಅದರ ಜೊತೆಗೆ ಮುಂದುವರಿಸೋ ಹಕ್ಕು ಬಳಸೇ ಬಳಸ್ತೀವಿ ಅಂತ ಮೊದಲ ದಿನವೇ ಬಹುಮಟ್ಟಿಗೆ ಖಚಿತವಾಗಿರೋ ಅವಧಿ. 36 ಅಂತ ತಗೊಂಡರೆ 66 ಲಕ್ಷ ಭಾಗಿಸು 36, ತಿಂಗಳಿಗೆ 1,83,333. ಶೇಕಡಾ 15 ಏರಿಕೆ ಲೆಕ್ಕಕ್ಕೇ ಬರಲ್ಲ. ವರ್ಷದ ಖರ್ಚು 24,24,000 ಇದ್ದದ್ದು 22 ಲಕ್ಷಕ್ಕೆ ಇಳೀತು. 2,24,000 ಲಾಭ ಹೆಚ್ಚಾಯ್ತು, ಬರೀ ಒಂದು ಅಂದಾಜು ಬದಲಾಗಿದ್ದಕ್ಕೆ. ಆದರೆ ನಾಲ್ಕನೇ ವರ್ಷಕ್ಕೂ ಅಲ್ಲೇ ಕೂತಿದ್ದರೆ ತಿಂಗಳ ಖರ್ಚು ಒಮ್ಮೆಗೇ 2,30,000ಕ್ಕೆ ಜಿಗಿಯುತ್ತೆ.

ಯಾವುದು ಸರಿ? ನಾನು ಮೊದಲು ನೋಡೋದು ಅಗ್ರಿಮೆಂಟ್ ಅಲ್ಲ, ಸ್ಥಿರಾಸ್ತಿ ಪಟ್ಟಿ. ಒಳಾಂಗಣ ಕೆಲಸಕ್ಕೆ ಐವತ್ತು ಲಕ್ಷ ಸುರಿದು, ಅದರ ಸವಕಳಿಯನ್ನು ಐದು ವರ್ಷಕ್ಕೆ ಹಂಚಿದ್ದೀರಾ? ಹಾಗಿದ್ದರೆ ಬಾಡಿಗೆಗೆ ಮಾತ್ರ ಮೂರೇ ವರ್ಷ ಇರ್ತೀವಿ ಅನ್ನೋ ವಾದ ನಿಲ್ಲಲ್ಲ. ಗೋಡೆ ಐದು ವರ್ಷ ಇರುತ್ತೆ, ನಾವು ಮೂರು ವರ್ಷಕ್ಕೆ ಹೋಗ್ತೀವಿ ಅಂದರೆ ಯಾರು ನಂಬ್ತಾರೆ? ಓನರೇ ಕುರ್ಚಿ ಮೇಜು ಹಾಕಿಕೊಟ್ಟ ಜಾಗ, ನೀವು ಲ್ಯಾಪ್‌ಟಾಪ್ ಹಿಡಿದು ಎದ್ದು ಹೋಗಬಹುದು ಅಂದರೆ 36 ಒಪ್ಪಬಹುದು. ಯಾವುದೇ ಆಗಲಿ, ಕಾರಣವನ್ನು ಮೊದಲ ವರ್ಷವೇ ಬರೆದು ಫೈಲಿನಲ್ಲಿಡಿ. ಲಾಭ ಕಡಿಮೆಯಾದ ವರ್ಷ ನೋಡಿಕೊಂಡು ಅವಧಿ ಬದಲಿಸೋದು ಆಡಿಟರ್ ಕಣ್ಣಿಗೆ ಬಿದ್ದೇ ಬೀಳುತ್ತೆ.

60 ಅಂತ ಹಿಡಿದು 40ನೇ ತಿಂಗಳಿಗೆ ನಿಜವಾಗಿಯೂ ಬಿಟ್ಟರೆ? ಖಾತೆಯಲ್ಲಿ ಆಗ ಉಳಿದಿರೋದು 5,60,000. ಓನರ್‌ಗೆ ಅದನ್ನು ಕೊಡಬೇಕಾಗಿಲ್ಲದಿದ್ದರೆ ಆ ವರ್ಷದ ಲಾಭ-ನಷ್ಟದ ಪಟ್ಟಿಗೆ ವಾಪಸು.

ಪೀಣ್ಯದ ಶೆಡ್ಡುಗಳವರು ಕೇಳಬಹುದು, ನಮ್ಮದು 11 ತಿಂಗಳ ಕರಾರು, ಪ್ರತಿ ಸಲ ಹೊಸದು ಮಾಡುವಾಗ ಶೇಕಡಾ 5 ಹೆಚ್ಚು, ನಮಗೂ ಇದೆಯಾ ಅಂತ. ಕರಾರಿನ ಒಳಗೆ ಏರಿಕೆಯೂ ಇಲ್ಲ, ಬಿಟ್ಟಿ ತಿಂಗಳೂ ಇಲ್ಲ, ಮುಂದುವರಿಸೋ ಹಕ್ಕೂ ಬರೆದಿಲ್ಲ ಅಂದರೆ ಸಮ ಮಾಡೋಕೆ ಏನೂ ಉಳಿದಿಲ್ಲ. ಕಟ್ಟಿದ್ದೇ ಖರ್ಚು. ಆದರೆ ಲೇತು, ಪ್ರೆಸ್ಸು ಕೂರಿಸಿ ಐದು ವರ್ಷದ ಕರಾರು, ವರ್ಷಕ್ಕೆ ಶೇಕಡಾ 5 ಅಂತ ಬರೆದುಕೊಂಡ ಕಂಪನಿ ಆದರೆ ಈ ಲೆಕ್ಕ ಮಾಡಲೇಬೇಕು. ಸಣ್ಣ ಕಂಪನಿಗಳಿಗೆ ಎಎಸ್ 19ರಲ್ಲಿ ರಿಯಾಯಿತಿ ಇರೋದು ಕೆಲವು ಟಿಪ್ಪಣಿಗಳಿಗೆ ಮಾತ್ರ, ಸಮವಾಗಿ ಹಂಚೋ ನಿಯಮಕ್ಕಲ್ಲ.

ಇನ್ನು ಇನ್ಫೋಸಿಸ್‌ನಂಥ ಲಿಸ್ಟೆಡ್ ಕಂಪನಿಗಳು, 250 ಕೋಟಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಮೌಲ್ಯದ ಕಂಪನಿಗಳ ದಾರಿಯೇ ಬೇರೆ. 2019ರ ಏಪ್ರಿಲ್‌ನಿಂದ ಅವರಿಗೆ ಇಂಡ್ ಎಎಸ್ 116. ಅಲ್ಪಾವಧಿಯ ಮತ್ತು ಸಣ್ಣ ಮೌಲ್ಯದ ಲೀಸು ಬಿಟ್ಟರೆ ಬಾಡಿಗೆದಾರರು ಲೀಸನ್ನೇ ಆಸ್ತಿ ಮತ್ತು ಸಾಲ ಅಂತ ಪುಸ್ತಕಕ್ಕೆ ತರಬೇಕು, ಅಲ್ಲಿ ಈ 2,02,000 ಬರಲ್ಲ. ಅದೇ ಕಟ್ಟಡದ ಓನರ್ ಮಾತ್ರ ಎರಡೂ ಮಾನದಂಡದಲ್ಲಿ ಇಂಥ ಲೀಸಿನ ಆದಾಯವನ್ನು ಸಾಮಾನ್ಯವಾಗಿ ಹೀಗೇ ಸಮವಾಗಿ ತೋರಿಸ್ತಾರೆ.

ಈ ವರ್ಷದ ಪುಸ್ತಕ ಮುಚ್ಚೋ ಮೊದಲು ನಿಮ್ಮ ಅಗ್ರಿಮೆಂಟ್ ತೆಗೆದು ಜಾಗ ಒಪ್ಪಿಸಿದ ತಾರೀಖು ಮತ್ತು ಲಾಕ್-ಇನ್ ಷರತ್ತು, ಇವೆರಡಕ್ಕೂ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಆಮೇಲೆ ಎಕ್ಸೆಲ್ ತೆರೆಯಿರಿ.