ಅಡತ್ಯಾನ ಗೋದಾಮಿನಲ್ಲಿರುವ ಮಾಲು ಯಾರದು? ಒಪ್ಪಿಸಿಕೊಟ್ಟ ಒಣದ್ರಾಕ್ಷಿಯ ಲೆಕ್ಕ

(ವಿಜಯಪುರ, ತಿಕೋಟಾ ಹಾಗೂ ಬಬಲೇಶ್ವರ ತಾಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ತಿಕೋಟಾ ಮತ್ತು ಬಬಲೇಶ್ವರ ಭಾಗದಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ಬಿಡುವಿಲ್ಲದ ಕೆಲಸ ನಡೆಯುತ್ತದೆ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಸಿಗುತ್ತದೆ. ಹಾಗೆ ತಯಾರಾದ ಮಾಲು ವಿಜಯಪುರ ನಗರಕ್ಕೂ, ಗಡಿಯಾಚೆಯ ತಾಸಗಾಂವ ಮತ್ತು ಸಾಂಗಲಿಗೂ ಹೋಗುತ್ತದೆ. ಬಹಳಷ್ಟು ಮಾಲು ಹೋದ ದಿನವೇ ಮಾರಾಟವಾಗುವುದಿಲ್ಲ. ಶೀತಲಗೃಹದಲ್ಲಿಯೋ ಅಡತ್ಯಾನ ಗೋದಾಮಿನಲ್ಲಿಯೋ ಒಳ್ಳೆಯ ದರಕ್ಕಾಗಿ ಕಾಯುತ್ತದೆ. ಹಣಕಾಸು ವರ್ಷ ಮುಗಿಯುವ ಮಾರ್ಚ್ 31 ಸರಿಯಾಗಿ ಈ ಸುಗ್ಗಿಯ ನಡುವೆಯೇ ಬರುತ್ತದೆ. ಆ ದಿನ ಊರಿನಿಂದ ಹೊರಟುಹೋಗಿರುವ, ಆದರೆ ಇನ್ನೂ ಮಾರಾಟವಾಗದಿರುವ ಮಾಲನ್ನು ಯಾರ ಪುಸ್ತಕದಲ್ಲಿ, ಯಾವ ಬೆಲೆಗೆ ತೋರಿಸಬೇಕು ಎಂಬುದೇ ಇಂದಿನ ವಿಷಯ.

ಮಹಿಳಾ ಸ್ವಸಹಾಯ ಸಂಘಗಳ ಪಂಚಾಯಿತಿ ಮಟ್ಟದ ಒಕ್ಕೂಟಗಳು ಇಂಥ ವ್ಯಾಪಾರಕ್ಕೆ ಇಳಿದಾಗ ಲೆಕ್ಕದ ಪುಸ್ತಕ ಬರೆಯುವವರಿಗೆ ಎದುರಾಗುವ ಮೊದಲ ತೊಡಕು ಇದೇ. ಸದಸ್ಯರಲ್ಲಿ ಅನೇಕರು ಆ ಸಂಘಗಳಲ್ಲಿಯೂ ಇರುವವರು. ಲಾಭ ಹಂಚುವ ಮಾತು ಬಂದಾಗ ಮೊದಲು ಕೇಳುವುದು ಅವರನ್ನೇ.

ಮಾಲನ್ನು ಕೈದಾಟಿಸಿದ ಮಾತ್ರಕ್ಕೆ ಅದು ಮಾರಾಟವಾಗುವುದಿಲ್ಲ. ಮಾಲೀಕತ್ವವೂ ದಾಟಬೇಕು. 'ಇದನ್ನು ನಮ್ಮ ಪರವಾಗಿ ಮಾರಿಕೊಡಿರಿ, ಮಾರಿದಷ್ಟಕ್ಕೆ ಕಮಿಷನ್ ಹಿಡಿದುಕೊಂಡು ಉಳಿದ ಹಣ ಕೊಡಿರಿ, ಮಾರದಿದ್ದರೆ ಮಾಲು ನಮ್ಮದೇ' ಎಂಬ ಒಪ್ಪಂದದ ಮೇಲೆ ಕಳಿಸಿದ ಮಾಲಿಗೆ ಕನ್ಸೈನ್‌ಮೆಂಟ್ ಎನ್ನುತ್ತಾರೆ. ಇಲ್ಲಿ ಅಡತ್ಯಾ ಖರೀದಿದಾರನಲ್ಲ, ಪ್ರತಿನಿಧಿ. 1872ರ ಭಾರತೀಯ ಕರಾರು ಕಾಯ್ದೆಯು ಪ್ರತಿನಿಧಿ ಮತ್ತು ಆತನನ್ನು ನೇಮಿಸಿದ ಯಜಮಾನನ ಸಂಬಂಧವನ್ನು ವಿವರವಾಗಿ ಹೇಳುತ್ತದೆ. ಯಜಮಾನ ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು 213ನೇ ಕಲಮಿನ ಪ್ರಕಾರ ಪ್ರತಿನಿಧಿಯ ಕರ್ತವ್ಯ. ಆದುದರಿಂದ ಲೆಕ್ಕ ಕೇಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ.

ಮಾಲು ಒಕ್ಕೂಟದ್ದೇ ಎಂದ ಮೇಲೆ ಅದರ ಒಳಿತು ಕೆಡುಕೂ ಒಕ್ಕೂಟದ್ದೇ. ಗೋದಾಮಿಗೆ ಬೆಂಕಿ ಬಿದ್ದು, ಅದರಲ್ಲಿ ಅಡತ್ಯಾನ ನಿರ್ಲಕ್ಷ್ಯವಿಲ್ಲದಿದ್ದರೆ, ನಷ್ಟ ಒಕ್ಕೂಟಕ್ಕೆ ಬರುತ್ತದೆ. ವಿಮೆ ಯಾರ ಹೆಸರಿನಲ್ಲಿದೆ ಎಂದು ಮೊದಲೇ ನೋಡಬೇಕಾದುದು ಈ ಕಾರಣಕ್ಕಾಗಿ. ಅದೇ ರೀತಿ ಅಡತ್ಯಾ ದಿವಾಳಿಯಾದರೆ ಮಾರದೇ ಉಳಿದ ಪೆಟ್ಟಿಗೆಗಳು ಆತನ ಸಾಲಗಾರರ ಪಾಲಾಗಬಾರದು, ಏಕೆಂದರೆ ಅವು ಆತನ ಆಸ್ತಿಯಲ್ಲ. ಆದರೆ ಅದನ್ನು ತೋರಿಸಿಕೊಡಲು ಕಾಗದ ಬೇಕು. ಒಕ್ಕೂಟದ ಪುಸ್ತಕದಲ್ಲಿಯೇ 'ಮಾರಾಟ' ಎಂದು ಬರೆದಿದ್ದರೆ, ಮಾಲು ನಮ್ಮದು ಎಂದು ಹೇಳಲು ಬಾಯಿ ಎಲ್ಲಿಂದ ಬರಬೇಕು?

ಒಂದು ಉದಾಹರಣೆಯನ್ನು ನೋಡೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಂಡವು. ಈ ವರ್ಷದ ದರಗಳೆಂದು ಭಾವಿಸಬಾರದು. ತಿಕೋಟಾ ತಾಲೂಕಿನ ಒಂದು ಒಕ್ಕೂಟವು ಸದಸ್ಯೆಯರಿಂದ ಕಿಲೋಗೆ 180 ರೂಪಾಯಿಯಂತೆ 600 ಕಿಲೋ ಒಣದ್ರಾಕ್ಷಿ ಕೊಂಡಿತು. ಬೆಲೆ 1,08,000 ರೂಪಾಯಿ ಆಯಿತು. ಪೆಟ್ಟಿಗೆ, ಇಲ್ಲಿಯ ಹಮಾಲಿ ಮತ್ತು ವಾಹನದ ಬಾಡಿಗೆ ಸೇರಿ 6,000 ಖರ್ಚಾಯಿತು. ಮಾರ್ಚ್ 10ರಂದು ಹದಿನೈದು ಕಿಲೋದ 40 ಪೆಟ್ಟಿಗೆಗಳು ವಿಜಯಪುರದ ಅಡತ್ಯಾನಿಗೆ ಹೋದವು. ಕಿಲೋಗೆ 250 ಸಿಗಬಹುದೆಂದು ಒಂದು ಅಂದಾಜು ಬೆಲೆಚೀಟಿಯನ್ನು ಮಾಲಿನೊಂದಿಗೆ ಕಳಿಸಲಾಯಿತು. ಅಡತ್ಯಾ ಅದೇ ದಿನ 50,000 ರೂಪಾಯಿ ಮುಂಗಡ ಕೊಟ್ಟನು.

ಪುಸ್ತಕ ಬರೆಯುವ ಸದಸ್ಯೆ ಆ ಬೆಲೆಚೀಟಿಯನ್ನೇ ಬಿಲ್ಲೆಂದು ತಿಳಿದು 1,50,000 ರೂಪಾಯಿ ಮಾರಾಟ ಎಂದು ಬರೆದಳೆನ್ನಿ. ತಪ್ಪು ಸಹಜವಾದದ್ದೇ, ಚೀಟಿಯ ಮೇಲೆ ಪ್ರಮಾಣವಿದೆ, ದರವಿದೆ, ಮೊತ್ತವಿದೆ, ಹಣವೂ ಸ್ವಲ್ಪ ಬಂದಿದೆ. ಮಾರ್ಚ್ 31ಕ್ಕೆ ಆಕೆಯ ಪುಸ್ತಕದಲ್ಲಿ ಖರ್ಚು 1,14,000, ಲಾಭ 36,000 ಎಂದು ಕಾಣುತ್ತದೆ. ಅಡತ್ಯಾನಿಂದ ಇನ್ನೂ ಒಂದು ಲಕ್ಷ ಬರಬೇಕು ಎಂದೂ ಕಾಣುತ್ತದೆ.

ಏಪ್ರಿಲ್ ಮೊದಲ ವಾರ ಅಡತ್ಯಾನ ಪಟ್ಟಿ ಬಂತು. ಮಾರ್ಚ್ 31ರವರೆಗೆ ಮಾರಾಟವಾದದ್ದು 450 ಕಿಲೋ, ದರ 250, ಮೊತ್ತ 1,12,500. ಇಳಿಸಿದ ಹಮಾಲಿ 1,200. ಗೋದಾಮಿನ ಬಾಡಿಗೆ 1,500. ಶೇಕಡಾ 6ರ ಕಮಿಷನ್ 6,750. ಇವನ್ನು ಕಳೆದರೆ 1,03,050 ಉಳಿಯುತ್ತದೆ. ಮುಂಗಡ 50,000 ಕಳೆದು ಆತನು ಕೊಡಬೇಕಾದದ್ದು 53,050. ಹತ್ತು ಪೆಟ್ಟಿಗೆ, ಅಂದರೆ 150 ಕಿಲೋ, ಗೋದಾಮಿನಲ್ಲಿಯೇ ಇದೆ.

ಕಮಿಷನ್ ಲೆಕ್ಕ ಹಾಕಿರುವುದು 1,12,500ರ ಮೇಲೆ, ಅಂದಾಜಿನ ಒಂದೂವರೆ ಲಕ್ಷದ ಮೇಲಲ್ಲ. ಕೆಲಸ ಆದಷ್ಟಕ್ಕೆ ಕೂಲಿ. 219ನೇ ಕಲಮಿನ ಪ್ರಕಾರ ವಿಶೇಷ ಕರಾರಿಲ್ಲದಿದ್ದರೆ ಕೆಲಸ ಪೂರ್ತಿಯಾಗುವವರೆಗೆ ಪ್ರತಿನಿಧಿಗೆ ಸಂಭಾವನೆ ಸಲ್ಲುವುದಿಲ್ಲ. ಆದರೆ ಒಪ್ಪಿಸಿದ ಮಾಲೆಲ್ಲ ಮಾರದಿದ್ದರೂ ಮಾರಿದ ಮಾಲಿನಿಂದ ತನ್ನ ಕೈಗೆ ಬಂದ ಹಣವನ್ನು ಆತನು ಹಿಡಿದುಕೊಳ್ಳಬಹುದು ಎಂದೂ ಅದೇ ಕಲಮು ಹೇಳುತ್ತದೆ. ಜೊತೆಗೆ 221ನೇ ಕಲಮು ತನಗೆ ಬರಬೇಕಾದ ಕಮಿಷನ್ ಮತ್ತು ಖರ್ಚು ಸಲ್ಲುವವರೆಗೆ ಮಾಲನ್ನು ತಡೆಹಿಡಿಯುವ ಹಕ್ಕನ್ನು ಕೊಡುತ್ತದೆ. ಆದ್ದರಿಂದ ಕಮಿಷನ್ ಯಾವಾಗ, ಯಾವುದರ ಮೇಲೆ ಎಂಬುದನ್ನು ಮಾಲು ಹೊರಡುವ ಮೊದಲೇ ಬರೆದುಕೊಳ್ಳುವುದು ಲೇಸು. ಮಾರುಕಟ್ಟೆ ಸಮಿತಿಯ ಪ್ರಾಂಗಣದ ಹರಾಜಿನ ವಿಚಾರ ಬೇರೆ. ಅಲ್ಲಿ ಕಮಿಷನ್ನಿಗೆ ಕಾಯ್ದೆಯ ನಿಯಮಗಳೇ ಇವೆ, ಖಾಸಗಿ ಒಪ್ಪಂದದ ಮಾತು ನಡೆಯುವುದಿಲ್ಲ.

ಇನ್ನು ಉಳಿದ 150 ಕಿಲೋದ ಬೆಲೆ ಎಷ್ಟು? 250ರಂತೆ ಹಿಡಿಯುವಂತಿಲ್ಲ, ಏಕೆಂದರೆ ಆ ಲಾಭ ಇನ್ನೂ ಹುಟ್ಟಿಲ್ಲ. ಬರಿಯ 180 ಎನ್ನುವುದೂ ಸರಿಯಲ್ಲ, ಏಕೆಂದರೆ ಮಾಲು ಈಗ ಊರಿನ ಶೆಡ್ಡಿನಲ್ಲಿಲ್ಲ, ವಿಜಯಪುರದಲ್ಲಿದೆ. ಅಲ್ಲಿಗೆ ಮುಟ್ಟಿಸಲು ಖರ್ಚಾಗಿದೆ. ನಿಯಮ ಸರಳವಾದದ್ದು: ಮಾಲು ಅಡತ್ಯಾನ ಗೋದಾಮಿನ ಒಳಗೆ ಸೇರುವವರೆಗಿನ ಖರ್ಚು ಮಾಲಿನ ಬೆಲೆಗೆ ಕೂಡುತ್ತದೆ; ಸೇರಿದ ನಂತರದ ಬಾಡಿಗೆ, ಕಮಿಷನ್, ಮಾರಾಟದ ಖರ್ಚು ಕೂಡುವುದಿಲ್ಲ. ಇಲ್ಲಿ 1,08,000ಕ್ಕೆ ಕಳಿಸಿದ ಖರ್ಚು 6,000 ಮತ್ತು ಇಳಿಸಿದ ಹಮಾಲಿ 1,200 ಕೂಡಿ 1,15,200. ಕಿಲೋಗೆ 192 ರೂಪಾಯಿ. ಉಳಿಕೆ ಮಾಲು 150 ಕಿಲೋಗೆ 28,800. ಹಮಾಲಿ ಹಣವನ್ನು ಅಡತ್ಯಾ ಕೊಟ್ಟನೆಂಬ ಕಾರಣಕ್ಕೆ ಅದನ್ನು ಬಿಟ್ಟುಬಿಡುವವರಿದ್ದಾರೆ. ಕೊಟ್ಟವರು ಯಾರೆಂಬುದು ಮುಖ್ಯವಲ್ಲ, ಯಾವ ಹಂತದ ಖರ್ಚು ಎಂಬುದು ಮುಖ್ಯ.

ಈಗ ನಿಜವಾದ ಲಾಭ ತಿಳಿಯುತ್ತದೆ. ಮಾರಿದ 450 ಕಿಲೋದ ಅಸಲು 86,400. ಮಾರಾಟದ 1,12,500ರಿಂದ ಇದನ್ನೂ, ಕಮಿಷನ್ 6,750ನ್ನೂ, ಬಾಡಿಗೆ 1,500ನ್ನೂ ಕಳೆದರೆ 17,850. ಮೊದಲಿನ ಪುಸ್ತಕ ತೋರಿಸಿದ 36,000ಕ್ಕೂ ಇದಕ್ಕೂ ನಡುವಿನ ಅಂತರ 18,150. ಅದರಲ್ಲಿ 8,700 ಮಾರದ ಮಾಲಿನ ಮೇಲೆ ಎಣಿಸಿಕೊಂಡ ಲಾಭ. ಉಳಿದದ್ದು ಬರೆಯದೇ ಬಿಟ್ಟ ಕಮಿಷನ್, ಹಮಾಲಿ ಮತ್ತು ಬಾಡಿಗೆ. ಒಕ್ಕೂಟವು ತೋರಿದ ಲಾಭದ ಅರ್ಧವನ್ನು ಮಾತ್ರ, ಅಂದರೆ 18,000ವನ್ನು, ಯುಗಾದಿಗೆ ಸದಸ್ಯೆಯರಿಗೆ ಹಂಚಿದ್ದರೂ ನಿಜ ಲಾಭವೆಲ್ಲ ಹೋಗಿ, ಮೇಲೆ 150 ರೂಪಾಯಿ ಅಸಲಿನಿಂದ ಹೋಗುತ್ತಿತ್ತು. ಆ ಅಸಲು ಬಹುಮಟ್ಟಿಗೆ ಬ್ಯಾಂಕಿನ ಸಾಲ. ಹಂಚಿದ ಹಣವನ್ನು ಮನೆಮನೆಗೆ ಹೋಗಿ ಮರಳಿ ಕೇಳುವುದು ಎಷ್ಟು ಕಷ್ಟವೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಮುಂಗಡದ ಬಗೆಗೂ ಒಂದು ಮಾತು. 50,000 ಬಂದದ್ದು ಮಾರಾಟದ ಹಣವಲ್ಲ, ಒಕ್ಕೂಟ ಅಡತ್ಯಾನಿಗೆ ತೀರಿಸಬೇಕಾದ ಬಾಕಿ. ಮಾಲು ಮಾರಿದಂತೆ ಅದು ತೀರುತ್ತದೆ. ಇಡೀ ಸುಗ್ಗಿ ದರ ಬಿದ್ದು ಮಾಲು ಮಾರದೇ ಹೋದರೆ ಅದನ್ನು ಮರಳಿ ಕೊಡಬೇಕಾಗುತ್ತದೆ.

ಒಣದ್ರಾಕ್ಷಿಯ ಇನ್ನೊಂದು ಗುಣವನ್ನು ಲೆಕ್ಕ ಮರೆಯಬಾರದು. ತಂಪಿಲ್ಲದ ಗೋದಾಮಿನಲ್ಲಿ ಬೇಸಿಗೆ ಕಳೆಯುವಷ್ಟರಲ್ಲಿ ಹಸಿರು ಹಳದಿಯ ಮಾಲು ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಹೋದರೆ ದರವೂ ಇಳಿಯುತ್ತದೆ. ಹಾಗಾಗಿ ಉಳಿಕೆ ಮಾಲಿನ ಬೆಲೆಯನ್ನು ಅಸಲು ಮತ್ತು ಮಾರಿದರೆ ಕೈಗೆ ದಕ್ಕುವ ನಿವ್ವಳ ಹಣ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಹಿಡಿಯಬೇಕು. ಆ ಹತ್ತು ಪೆಟ್ಟಿಗೆಗಳು ಬಣ್ಣಗೆಟ್ಟು ಕಿಲೋಗೆ 170 ಮಾತ್ರ ಸಿಗುವ ಸ್ಥಿತಿಯಿದ್ದರೆ, ಕಮಿಷನ್ 10.20 ಕಳೆದು 159.80 ದಕ್ಕುತ್ತದೆ. ಆಗ ಉಳಿಕೆ ಮಾಲು 23,970. ಲಾಭದಿಂದ 4,830 ಕಳೆದು 13,020 ಉಳಿಯುತ್ತದೆ. ಇದನ್ನು ಕಾಗದದ ಮೇಲೆ ತಿಳಿಯಲಾಗದು. ಮಾರ್ಚ್ ಕೊನೆಗೆ ಯಾರಾದರೂ ಗೋದಾಮಿಗೆ ಹೋಗಿ ಪೆಟ್ಟಿಗೆ ತೆರೆಸಿ ನೋಡಬೇಕು, ಎಣಿಸಿ ಅಡತ್ಯಾನ ಸಹಿ ಪಡೆದು ತರಬೇಕು.

ಉದ್ರಿ ಮಾರಾಟದಲ್ಲಿ ಗಿರಾಕಿ ಹಣ ಕೊಡದಿದ್ದರೆ ಆ ನಷ್ಟ ಸಾಮಾನ್ಯವಾಗಿ ಒಕ್ಕೂಟದ್ದೇ. ವಸೂಲಿಯ ಹೊಣೆಯನ್ನೂ ಅಡತ್ಯಾ ಹೊರುವುದಾದರೆ ಅದಕ್ಕೆ ಬೇರೆ ಕಮಿಷನ್ ಇರುತ್ತದೆ. ಡೆಲ್ ಕ್ರೆಡೆರೆ ಎಂದು ವ್ಯಾಪಾರಿಗಳು ಕರೆಯುವುದು ಇದನ್ನೇ. ಅದನ್ನು ಕೊಟ್ಟೂ ಬಾಕಿ ಮುಳುಗಿದ ನಷ್ಟವನ್ನು ಒಕ್ಕೂಟವೇ ಹೊತ್ತರೆ ಎರಡು ಬಾರಿ ದಂಡ ತೆತ್ತಂತೆ.

ತೆರಿಗೆಯ ದೃಷ್ಟಿ ಬೇರೆಯೆಂದು ಎಚ್ಚರಿಸುವುದು ಅಗತ್ಯ. ಪ್ರತಿನಿಧಿ ತನ್ನ ಹೆಸರಿನ ಬಿಲ್ಲಿನಲ್ಲಿ ಮಾರುವುದಾದರೆ, ಮಾಲೀಕತ್ವ ದಾಟದಿದ್ದರೂ, ಆತನಿಗೆ ಮಾಲು ಕಳಿಸಿದ್ದನ್ನೇ ಜಿಎಸ್‌ಟಿ ಕಾಯ್ದೆ ಪೂರೈಕೆ ಎಂದು ಎಣಿಸುತ್ತದೆ. ಕೃಷಿಕರು ಪೂರೈಸುವ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲವೆಂದು 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆ ಸ್ಪಷ್ಟಪಡಿಸಿದೆ. ಆದರೆ ಕೊಂಡು ಮಾರುವ ಒಕ್ಕೂಟವು ಆ ಮಾತನ್ನು ತನಗೆ ತಾನೇ ಅನ್ವಯಿಸಿಕೊಳ್ಳದೆ ಲೆಕ್ಕಪರಿಶೋಧಕರನ್ನು ಕೇಳಬೇಕು.

ಒಕ್ಕೂಟದ ಸಭೆಯಲ್ಲಿ ಲಾಭದ ಅಂಕಿ ಓದಿದಾಗ ಸದಸ್ಯರು ಕೇಳಬಹುದಾದ ಪ್ರಶ್ನೆ ಒಂದೇ: ಕಳಿಸಿದ ಪೆಟ್ಟಿಗೆ ಎಷ್ಟು, ಪಟ್ಟಿಯಲ್ಲಿ ಮಾರಿದ್ದೆಂದು ಬಂದದ್ದು ಎಷ್ಟು, ಗೋದಾಮಿನಲ್ಲಿ ಎಣಿಸಿದ್ದು ಎಷ್ಟು? ನಲವತ್ತಕ್ಕೆ ಮೂವತ್ತು ಮತ್ತು ಹತ್ತು ಕೂಡಿ ಬಂದರೆ ಪುಸ್ತಕ ಮುಂದೆ ಓದಬಹುದು. ಕೂಡಿ ಬಾರದಿದ್ದರೆ ಲಾಭದ ಮಾತನ್ನು ಮುಂದಿನ ಸಭೆಗೆ ಇಡತಕ್ಕದ್ದು.