ಋಣ ಇಂಗ್ಲಿಷಿಗೆ ಹೋದಾಗ

ವಿದ್ಯಾರ್ಥಿಯೊಬ್ಬ ತನ್ನ ವಿದೇಶಿ ಪ್ರಾಧ್ಯಾಪಕರಿಗೆ ಹೀಗೆ ಬರೆದನೆನ್ನಿ: ‘ಪೂಜ್ಯ ಗುರುಗಳಿಗೆ ನಮಸ್ಕಾರಗಳು. ತಾವು ನನ್ನ ಪ್ರಬಂಧವನ್ನು ಎರಡು ಸಲ ತಿದ್ದಿಕೊಟ್ಟಿರಿ. ತಮ್ಮ ಋಣ ತೀರಿಸಲಾರೆ. ತಪ್ಪಿದ್ದರೆ ಕ್ಷಮಿಸಿ.’

ಇದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದರೆ ಅರ್ಥವೇ ಬದಲಾಗುತ್ತದೆ. ‘ಋಣ’ವು ‘ಡೆಟ್’ ಆದರೆ, ‘ತೀರಿಸಲಾರೆ’ ಎಂಬುದು ಸಾಲಗಾರ ಕೈಯೆತ್ತಿದಂತೆ ಕೇಳಿಸುತ್ತದೆ. ‘ಐ ಶಲ್ ಆಲ್ವೇಸ್ ಬಿ ಗ್ರೇಟ್‌ಫುಲ್’ ಎಂದರೆ ಭಾವ ಉಳಿಯುತ್ತದೆ. ‘ತಾವು’, ‘ನೀನು’ ಎರಡೂ ಇಂಗ್ಲಿಷಿನಲ್ಲಿ ‘ಯೂ’ ಮಾತ್ರ. ಆದ್ದರಿಂದ ಆ ಗೌರವವನ್ನು ಸಂಬೋಧನೆಗೆ ಸಾಗಿಸಬೇಕು: ‘ಡಿಯರ್ ಪ್ರೊಫೆಸರ್’, ಜೊತೆಗೆ ಅವರ ಕುಲನಾಮ. ಕೊನೆಯ ಕ್ಷಮೆ ನಮ್ಮಲ್ಲಿ ಪತ್ರ ಮುಗಿಸುವ ವಿನಯ. ಅಲ್ಲಿನ ಓದುಗ ‘ಯಾವ ತಪ್ಪು?’ ಎಂದು ಹುಡುಕುತ್ತಾನೆ. ಅದನ್ನು ಬಿಡುವುದೇ ಸರಿ.

ಇಷ್ಟೆಲ್ಲ ಇಳಿಸಿದ ಮೇಲೆ ಪತ್ರ ಸಪ್ಪೆಯಾಗುತ್ತದೆ. ಕನ್ನಡದಲ್ಲಿ ‘ಋಣ’ ಹೊತ್ತ ಭಾರವನ್ನು ಇಂಗ್ಲಿಷಿನಲ್ಲಿ ವಿವರ ಹೊರಬೇಕು. ಅನುವಾದಕ ಅದನ್ನು ತಾನೇ ಕಟ್ಟುವಂತಿಲ್ಲ. ವಿದ್ಯಾರ್ಥಿಯನ್ನೇ ಕೇಳಬೇಕು: ಆ ಎರಡು ತಿದ್ದುವಿಕೆಯಿಂದ ಬದಲಾದದ್ದೇನು? ‘ಮೂರನೆಯ ಅಧ್ಯಾಯದ ವಾದ ಆಗ ನನಗೇ ಸ್ಪಷ್ಟವಾಯಿತು’ ಎಂದು ಅವನು ಹೇಳಿದರೆ, ಪ್ರಾಧ್ಯಾಪಕರಿಗೆ ತಲುಪಬೇಕಾದ ವಾಕ್ಯ ಅದೇ.